ಮೊದಲು ಆರ್‌ಪಿಎಂ ಮುಳ್ಳು ನೋಡು

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಅಕ್ಕನ ಮಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ಕಾರಿನ ಮೀಟರ್ ಬೋರ್ಡಿನ ಫೋಟೊ. ಎಣ್ಣೆ ಕ್ಯಾನು, ಬ್ಯಾಟರಿ, ವೃತ್ತದೊಳಗೆ ಆಶ್ಚರ್ಯಸೂಚಕ, ಸೀಟ್ ಬೆಲ್ಟ್ ಹಾಕಿದ ಮನುಷ್ಯ, ಇವೆಲ್ಲ ಕೆಂಪಾಗಿ ಉರಿಯುತ್ತಿದ್ದವು. ಇಂಜಿನ್ ಆಕಾರದ್ದೊಂದು ಹಳದಿ ದೀಪವೂ ಇತ್ತು. ಕೆಳಗೆ ಒಂದೇ ಸಾಲು: 'ಮಾಮ, ಎಲ್ಲಾ ಲೈಟೂ ಹತ್ತಿಕೊಂಡಿದೆ, ಏನು ಮಾಡೋದು?'

ಗಂಡ, ಮಗುವಿನ ಜೊತೆ ಬೆಂಗಳೂರಿನಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟಿದ್ದಳು. ಕಾರು ಬಾಡಿಗೆಯದು. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದ ನಂಬರಿನ, ನಾವೇ ಓಡಿಸಿಕೊಂಡು ಹೋಗುವ ಪುಟ್ಟ ಪೆಟ್ರೋಲ್ ಕಾರು. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ, ಇನ್ನೇನು ಶಿರಾಡಿ ಘಾಟಿ ಇಳಿಯಬೇಕು ಅನ್ನುವಲ್ಲಿ ರಸ್ತೆ ಬದಿಗೆ ನಿಲ್ಲಿಸಿದ್ದಳು.

ಹಾಸನದಲ್ಲಿ ಬಹಳ ವರ್ಷ ಗ್ಯಾರೇಜು ನಡೆಸಿದವನು ನಾನು. ಇಂಥ ಫೋಟೊಗಳು ತಿಂಗಳಿಗೆ ಎರಡು ಮೂರಾದರೂ ಬರುತ್ತವೆ, ಅದರಲ್ಲೂ ಬಾಡಿಗೆ ಕಾರುಗಳಿಂದ ಹೆಚ್ಚು. ಸ್ವಂತ ಕಾರಿನ ಸದ್ದು, ಅದರ ಹಳೇ ಕಾಯಿಲೆ ನಮಗೆ ಗೊತ್ತಿರುತ್ತದೆ. ಬಾಡಿಗೆ ಕಾರಿನ ಚರಿತ್ರೆ ಗೊತ್ತಿರುವುದಿಲ್ಲ, ಹಾಗಾಗಿ ಅದರ ವಿಷಯದಲ್ಲಿ ನಮ್ಮ ಕೈಯಲ್ಲಿರುವ ಸಾಕ್ಷಿ ಆ ದೀಪಗಳಷ್ಟೇ. ಫೋಟೊ ಬಂದಾಗ ನಾನು ದೀಪಗಳನ್ನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಆರ್‌ಪಿಎಂ ಮುಳ್ಳನ್ನು.

ಅವಳ ಫೋಟೊದಲ್ಲಿ ಅದು ಸೊನ್ನೆಯ ಮೇಲೆ ಕೂತಿತ್ತು. ಅಂದರೆ ಇಂಜಿನ್ ಓಡುತ್ತಿಲ್ಲ, ಕೀ ಮಾತ್ರ ತಿರುಗಿಸಿದೆ. ಆ ಸ್ಥಿತಿಯಲ್ಲಿ ದೀಪಗಳು ಹತ್ತಲೇಬೇಕು. ಇಂಜಿನ್ ತಿರುಗದೆ ಎಣ್ಣೆಗೆ ಒತ್ತಡ ಬರುವುದಿಲ್ಲ, ಆದ್ದರಿಂದ ಆಯಿಲ್ ಲೈಟ್ ಉರಿಯುತ್ತದೆ. ಡೈನಮೋ ತಿರುಗುತ್ತಿಲ್ಲ, ಬ್ಯಾಟರಿ ಲೈಟ್ ಉರಿಯುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದೆ, ಬ್ರೇಕ್ ಲೈಟ್ ಉರಿಯುತ್ತದೆ. ಉಳಿದವು ತಾವು ಬದುಕಿದ್ದೇವೆ ಎಂದು ತೋರಿಸಲು ಕೆಲವು ಸೆಕೆಂಡು ಹತ್ತಿ ಆರುತ್ತವೆ. ಅವಳು ದಾರಿಯಲ್ಲಿ ಒಂದು ದೀಪ ಕಂಡು ಗಾಬರಿಯಾಗಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ನನಗೆ ತೋರಿಸಲೆಂದು ಮತ್ತೆ ಕೀ ತಿರುಗಿಸಿದ್ದಳು. ಅಷ್ಟು ಹೊತ್ತಿಗೆ ನಿಜವಾದ ದೀಪ ಗುಂಪಿನಲ್ಲಿ ಕಳೆದುಹೋಗಿತ್ತು.

(ಇದೇ ಚಿತ್ರ ಚಲಿಸುವ ಕಾರಿನಲ್ಲಿ ಕಂಡರೆ ಅರ್ಥ ಬೇರೆ. ವೇಗದ ಮುಳ್ಳು ಐವತ್ತರಲ್ಲಿದೆ, ಆರ್‌ಪಿಎಂ ಸೊನ್ನೆ, ಕೆಂಪು ದೀಪಗಳೆಲ್ಲ ಒಟ್ಟಿಗೆ ಹತ್ತಿವೆ ಎಂದರೆ ಇಂಜಿನ್ ಓಡುತ್ತಲೇ ನಿಂತುಹೋಗಿದೆ. ಬ್ರೇಕಿಗೆ ಸಹಾಯ ಮಾಡುವ ಬೂಸ್ಟರ್‌ನಲ್ಲಿ ಒಂದೆರಡು ಸಲ ಒತ್ತುವಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಖರ್ಚು ಮಾಡದೆ, ಒಂದೇ ಸಲ ಒತ್ತಿ ಹಿಡಿದು ಬದಿಗೆ ತರಬೇಕು.)

'ಕಾರು ಸ್ಟಾರ್ಟ್ ಮಾಡು, ಹ್ಯಾಂಡ್ ಬ್ರೇಕ್ ಎಳೆದಿರಲಿ, ಹತ್ತು ಸೆಕೆಂಡು ಬಿಟ್ಟು ವಿಡಿಯೊ ತೆಗೆದು ಕಳಿಸು' ಅಂದೆ. ಫೋಟೊ ಬೇಡ, ವಿಡಿಯೊ ಬೇಕು ಅಂದದ್ದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ವಿಡಿಯೊದಲ್ಲಿ ಮುಳ್ಳು 800ರ ಹತ್ತಿರ ನಿಂತಿತ್ತು. ಹ್ಯಾಂಡ್ ಬ್ರೇಕಿನ ದೀಪ ಬಿಟ್ಟರೆ ಉಳಿದಿದ್ದು ಒಂದೇ, ಕೆಂಪು ಬ್ಯಾಟರಿ.

ಅವಳ ಗಂಡ ಅಷ್ಟರಲ್ಲಿ ಬಾಡಿಗೆ ಕಂಪನಿಗೆ ಫೋನು ಮಾಡಿದ್ದ. 'ಬ್ಯಾಟರಿ ಸ್ವಲ್ಪ ವೀಕ್ ಇರಬಹುದು ಸಾರ್, ಇಂಜಿನ್ ಆಫ್ ಮಾಡದೆ ಹೋಗ್ತಾ ಇರಿ' ಎಂದು ಅಲ್ಲಿಂದ ಉತ್ತರ ಬಂದಿತ್ತಂತೆ. ಈ ಮಾತು ಪೂರ್ತಿ ತಪ್ಪಲ್ಲ. ತೊಡಕು ಇರುವುದೇ ಅಲ್ಲಿ. ಅದನ್ನು ಬಿಡಿಸುವ ಮೊದಲು ಯಾವ ದೀಪಕ್ಕೆ ತಕ್ಷಣ ನಿಲ್ಲಬೇಕು, ಯಾವುದಕ್ಕೆ ನಿಲ್ಲಬೇಕಿಲ್ಲ ಅನ್ನುವುದನ್ನು ಹೇಳಬೇಕು.

ಬಣ್ಣದ ನಿಯಮ ಎಲ್ಲರಿಗೂ ಗೊತ್ತು: ಕೆಂಪು ಅಪಾಯ, ಹಳದಿ ಎಚ್ಚರಿಕೆ, ಹಸಿರು ಮತ್ತು ನೀಲಿ ಮಾಹಿತಿ. ಈ ಚಿಹ್ನೆಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ, ಹಾಗಾಗಿ ಯಾವ ಕಂಪನಿಯ ಕಾರಾದರೂ ಎಣ್ಣೆ ಕ್ಯಾನು ಎಣ್ಣೆ ಕ್ಯಾನೇ. ಆದರೆ ಬಣ್ಣವನ್ನಷ್ಟೇ ನಂಬಿದರೆ ಎರಡೂ ಕಡೆ ಮೋಸ ಹೋಗುತ್ತೇವೆ. ಏರ್‌ಬ್ಯಾಗ್ ದೀಪ ಎಷ್ಟೋ ಕಾರುಗಳಲ್ಲಿ ಕೆಂಪು. ಅದು ಉರಿಯುತ್ತಿದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದಿರಬಹುದು, ಅಂಥ ಕಾರನ್ನು ಬಾಡಿಗೆಗೆ ತೆಗೆದುಕೊಳ್ಳಲೇಬಾರದು. ಆದರೆ ಅದು ದಾರಿಯ ನಡುವೆ ಹತ್ತಿತೆಂದು ತಿರುವಿನಲ್ಲಿ ಗಾಡಿ ನಿಲ್ಲಿಸುವ ಅಗತ್ಯವಿಲ್ಲ. ಹಳದಿ ದೀಪಗಳಲ್ಲಿ ಒಂದು ಮಾತ್ರ, ಮಿನುಗುತ್ತಿದ್ದರೆ, ಕೆಂಪಿನಷ್ಟೇ ಗಂಭೀರ.

ನನ್ನ ಪಟ್ಟಿಯಲ್ಲಿ ತಕ್ಷಣ ನಿಲ್ಲಿಸಬೇಕಾದ ದೀಪಗಳು ಮೂರೇ: ಬ್ರೇಕ್, ಎಣ್ಣೆಯ ಒತ್ತಡ, ಇಂಜಿನ್ ಬಿಸಿ. ಘಾಟಿ ರಸ್ತೆಯಲ್ಲಾದರೆ ಬ್ರೇಕ್ ಮೊದಲು, ಏಕೆಂದರೆ ಉಳಿದೆರಡು ಇಂಜಿನ್ನನ್ನು ಕೊಲ್ಲುತ್ತವೆ, ಇದು ಮನುಷ್ಯರನ್ನು.

ವೃತ್ತದೊಳಗೆ ಆಶ್ಚರ್ಯಸೂಚಕ, ಎರಡು ಬದಿಗೂ ಆವರಣದಂಥ ಗೆರೆ. ಓಡುವಾಗ ಇದು ಕೆಂಪಾಗಿ ಕಂಡರೆ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಅರ್ಧಕ್ಕರ್ಧ ಪ್ರಕರಣ ಅಲ್ಲೇ ಮುಗಿಯುತ್ತದೆ. ಇಳಿದಿದ್ದೂ ದೀಪ ಆರದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದು ಅರ್ಥ. ಪ್ಯಾಡು ಸವೆದಂತೆ ಆಯಿಲ್ ಮಟ್ಟ ತಾನಾಗಿ ಇಳಿಯುತ್ತದೆ, ಅದು ನಿಧಾನದ ಸಮಸ್ಯೆ. ಎಲ್ಲೋ ಸೋರುತ್ತಿದ್ದರೆ ತಕ್ಷಣದ ಸಮಸ್ಯೆ. ಎರಡರ ವ್ಯತ್ಯಾಸ ನಿಮ್ಮ ಪಾದಕ್ಕೆ ತಿಳಿಯುತ್ತದೆ. ಪೆಡಲ್ ಎಂದಿನ ಎತ್ತರದಲ್ಲಿ ಗಟ್ಟಿಯಾಗಿ ನಿಂತರೆ ನಿಧಾನವಾಗಿ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ. ಸ್ಪಂಜಿನ ಹಾಗೆ ಒಳಗೆ ಹೋದರೆ ಆ ಕ್ಷಣದಿಂದ ನಿಲ್ಲಿಸುವುದಷ್ಟೇ ನಿಮ್ಮ ಕೆಲಸ. ಈಗಿನ ಕಾರುಗಳ ಬ್ರೇಕು ಎರಡು ಪ್ರತ್ಯೇಕ ಕೊಳವೆ ಜಾಲಗಳಲ್ಲಿರುತ್ತದೆ. ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ, ಆದರೆ ಪೆಡಲ್ ತುಂಬ ಕೆಳಗೆ ಹೋಗುತ್ತದೆ, ನಿಲ್ಲಲು ದೂರವೂ ಹೆಚ್ಚು ಬೇಕು. ಪೆಡಲ್ ಪಂಪ್ ಮಾಡುತ್ತ, ಮೂರು, ಎರಡು ಎಂದು ಗೇರು ಇಳಿಸುತ್ತ, ಕೊನೆಗೆ ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಕೊಂಡೇ ಸ್ವಲ್ಪ ಸ್ವಲ್ಪ ಎಳೆಯಿರಿ. ಕಾರು ನಿಲ್ಲುವವರೆಗೆ ಇಂಜಿನ್ ಆಫ್ ಮಾಡಬೇಡಿ.

ಇಳಿಜಾರಿನಲ್ಲಿ ಅಥವಾ ತಿರುವಿನಲ್ಲಿ ಮಾತ್ರ ಈ ದೀಪ ಹತ್ತಿ ಆರಿದರೆ ಅದು ಲೂಸ್ ಕನೆಕ್ಷನ್ ಎಂದು ತಳ್ಳಿಹಾಕುವವರಿದ್ದಾರೆ. ಡಬ್ಬಿಯಲ್ಲಿ ಆಯಿಲ್ ಕನಿಷ್ಠ ಗೆರೆಯ ಹತ್ತಿರವಿದೆ, ಕಾರು ವಾಲಿದಾಗ ಫ್ಲೋಟು ಕೆಳಗಿಳಿಯುತ್ತಿದೆ ಎಂಬುದೇ ಹೆಚ್ಚು ಸಂಭವ. ಕೆಂಪು ಬ್ರೇಕ್ ದೀಪದ ಜೊತೆ ಹಳದಿ ಎಬಿಎಸ್ ದೀಪವೂ ಉರಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹಂಚುವ ವ್ಯವಸ್ಥೆಯೇ ಕೆಟ್ಟಿರಬಹುದು. ಜೋರಾಗಿ ಒತ್ತಿದಾಗ ಹಿಂದಿನ ಚಕ್ರ ಮೊದಲು ಬಿಗಿದು ಗಾಡಿ ಅಡ್ಡಡ್ಡ ತಿರುಗುವ ಅಪಾಯವಿದೆ. ಆ ಕಾರು ಟೋಯಿಂಗ್ ಗಾಡಿಯ ಮೇಲೆ ಹೋಗಬೇಕು. ಎಬಿಎಸ್ ಒಂದೇ ಉರಿದರೆ ಸಾದಾ ಬ್ರೇಕು ಕೆಲಸ ಮಾಡುತ್ತದೆ. ಹಳೇ ಕಾರು ಓಡಿಸುತ್ತಿದ್ದೇನೆ ಎಂದುಕೊಂಡು, ಅಂತರ ಹೆಚ್ಚಿಟ್ಟುಕೊಂಡು ಹೋಗಬಹುದು. ಇಲ್ಲೊಂದು ಮಾತು ಸೇರಿಸಲೇಬೇಕು. ಘಾಟಿಯಲ್ಲಿ ಬ್ರೇಕು ಕಾದು ಹಿಡಿತ ತಪ್ಪುವುದಕ್ಕೆ ನಮ್ಮ ಸಾಮಾನ್ಯ ಕಾರುಗಳಲ್ಲಿ ದೀಪವೇ ಇಲ್ಲ. ಸುಟ್ಟ ವಾಸನೆ ಬಂದರೆ ಅದೇ ದೀಪ.

ಎಣ್ಣೆ ಕ್ಯಾನಿನ ದೀಪದ ಬಗ್ಗೆ ಜನರಲ್ಲಿ ಇರುವ ತಪ್ಪು ತಿಳಿವಳಿಕೆಯಿಂದ ಎಷ್ಟು ಇಂಜಿನ್ ಹಾಳಾದದ್ದನ್ನು ನೋಡಿದ್ದೇನೆ ಎಂದರೆ ಬೇಸರವಾಗುತ್ತದೆ. 'ಆಯಿಲ್ ಸ್ವಲ್ಪ ಕಡಿಮೆಯಾಗಿದೆ, ಮುಂದಿನ ಬಂಕಿನಲ್ಲಿ ಹಾಕಿಸೋಣ' ಎಂದು ಓದಿಕೊಳ್ಳುತ್ತಾರೆ. ಕೆಂಪು ಆಯಿಲ್ ಲೈಟು ಹೇಳುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ಟೈರಿನ ಗಾಳಿಯ ಲೆಕ್ಕದಲ್ಲೇ ಹೇಳುವುದಾದರೆ, ಹೆದ್ದಾರಿಯಲ್ಲಿ ಓಡುವ ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಸಾಮಾನ್ಯವಾಗಿ 40ರಿಂದ 60 ಪಿಎಸ್‌ಐ ಇರುತ್ತದೆ. ದೀಪ ಹತ್ತುವುದು ಅದು 5-7ಕ್ಕೆ ಕುಸಿದ ಮೇಲೆ. ಅಂದರೆ ಆ ದೀಪ ಮುನ್ಸೂಚನೆ ಕೊಡುವುದಿಲ್ಲ, ಆಗಿಹೋದದ್ದನ್ನು ಹೇಳುತ್ತದೆ. ಕ್ರ್ಯಾಂಕಿನ ಬೇರಿಂಗು ಲೋಹಕ್ಕೆ ಲೋಹ ತಾಗದಂತೆ ಎಣ್ಣೆಯ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಒತ್ತಡ ಹೋದರೆ ಆ ಪದರ ಹೋಗುತ್ತದೆ, ಬೇರಿಂಗು ಹೋಗಲು ಒಂದೆರಡು ನಿಮಿಷ ಸಾಕು. ನಮ್ಮ ಕಡೆ ಇದಕ್ಕೆ ಸಾಮಾನ್ಯ ಕಾರಣ ಎತ್ತರದ ಹಂಪು, ರಸ್ತೆಯ ಕಲ್ಲು. ತಳ ತಾಗಿ ಆಯಿಲ್ ಚೇಂಬರ್ ಬಿರುಕು ಬಿಟ್ಟು ಎಣ್ಣೆ ಇಷ್ಟಿಷ್ಟೇ ಸೋರುತ್ತದೆ. ಹಿಂದಿನ ಬಾಡಿಗೆದಾರ ತಾಗಿಸಿದ್ದು ಇಂದಿನವನ ಕೈಯಲ್ಲಿ ಬೆಳಕಿಗೆ ಬರುತ್ತದೆ.

ಇಂಜಿನ್ ಓಡುವಾಗ ಈ ದೀಪ ಹತ್ತಿದರೆ ಬದಿಗೆ ಬಂದು ಆಫ್ ಮಾಡಿ. ಹತ್ತು ನಿಮಿಷ ಬಿಟ್ಟು, ಸಮತಟ್ಟಾದಲ್ಲಿ, ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡಿ. ಎಣ್ಣೆ ಎರಡು ಗುರುತಿನ ನಡುವೆ ಸರಿಯಾಗಿಯೇ ಇದ್ದರೆ ಸಮಾಧಾನಪಡುವಂತಿಲ್ಲ. ಆಗ ಪಂಪು ಕೆಟ್ಟಿರಬಹುದು, ಒತ್ತಡ ಅಳೆಯುವ ಸ್ವಿಚ್ಚೇ ಕೆಟ್ಟಿರಬಹುದು. ಯಾವುದೆಂದು ರಸ್ತೆ ಬದಿಯಲ್ಲಿ ತಿಳಿಯುವುದಿಲ್ಲ, ಹಾಗಾಗಿ ಮತ್ತೆ ಸ್ಟಾರ್ಟ್ ಮಾಡುವ ಹಾಗಿಲ್ಲ.

ಮೂರನೆಯದು ಅಲೆಯಲ್ಲಿ ನಿಂತ ಥರ್ಮಾಮೀಟರು. ಕೆಲವು ಕಾರುಗಳಲ್ಲಿ ಇದು ನೀಲಿಯಾಗಿಯೂ ಹತ್ತುತ್ತದೆ, ಆಗ ಇಂಜಿನ್ ಇನ್ನೂ ತಣ್ಣಗಿದೆ ಎಂದಷ್ಟೇ ಅರ್ಥ. ಕೆಂಪಾದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನ್ ಜೋರು ಮಾಡಿ. ಹೀಟರೂ ಒಂದು ಪುಟ್ಟ ರೇಡಿಯೇಟರೇ, ಇಂಜಿನ್ನಿನ ಕಾವನ್ನು ಒಳಗೆ ಎಳೆದುಕೊಳ್ಳುತ್ತದೆ, ಅಷ್ಟರಲ್ಲಿ ಬದಿಗೆ ಬರಲು ಸಮಯ ಸಿಗುತ್ತದೆ. ಆವಿ ಕಂಡರೆ, ಕೂಲೆಂಟ್ ಸುರಿಯುತ್ತಿದ್ದರೆ, ಫ್ಯಾನು ತಿರುಗುತ್ತಿಲ್ಲವಾದರೆ ತಕ್ಷಣ ಆಫ್. ಆಮೇಲೆ ಅರ್ಧ ಗಂಟೆಯಾದರೂ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ. ಕೂಲೆಂಟ್ ಒತ್ತಡದಲ್ಲಿರುವುದರಿಂದ ಸುಮಾರು 120 ಡಿಗ್ರಿವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಹೋಗಿ ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಆ ಸುಟ್ಟಗಾಯ ನಾನು ಕಣ್ಣಾರೆ ಕಂಡದ್ದು.

ಇವು ಮೂರು ಬಿಟ್ಟರೆ ಮಿನುಗುವ ಹಳದಿ ಇಂಜಿನ್ ದೀಪ. ಸುಮ್ಮನೆ ಒಂದೇ ಸಮ ಉರಿಯುತ್ತಿದ್ದರೆ, ಗಾಡಿ ಎಂದಿನಂತೆ ಓಡುತ್ತಿದ್ದರೆ, ಸಂಜೆಯವರೆಗೆ ಓಡಿಸಿ ಆಮೇಲೆ ತೋರಿಸಬಹುದು. ಆಕ್ಸಿಜನ್ ಸೆನ್ಸರಿನಂಥ ಯಾವುದೋ ಒಂದು ಹೊಗೆಯ ಲೆಕ್ಕ ತಪ್ಪಿ ಹೇಳುತ್ತಿರುತ್ತದೆ. ಮಿನುಗಿದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳುತ್ತಿಲ್ಲ ಎಂದು ಅರ್ಥ. ಹೊತ್ತದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕೆಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನು ಕೆಂಪಗೆ ಕಾಯಿಸುತ್ತದೆ. ಕೆಳಗೆ ಒಣ ಹುಲ್ಲಿದ್ದರೆ ಬೆಂಕಿ ಹತ್ತಲೂಬಹುದು. ಆಕ್ಸಿಲರೇಟರ್ ಬಿಟ್ಟು, ನಿಧಾನ ಮಾಡಿ, ಸಿಕ್ಕ ಮೊದಲ ಜಾಗದಲ್ಲಿ ನಿಲ್ಲಿಸಿ. ಫೋಟೊ ಬೇಡ, ವಿಡಿಯೊ ಕಳಿಸು ಅಂದದ್ದು ಇದಕ್ಕೇ. ಉರಿಯುವುದಕ್ಕೂ ಮಿನುಗುವುದಕ್ಕೂ ಇರುವ ವ್ಯತ್ಯಾಸ ಫೋಟೊದಲ್ಲಿ ಕಾಣುವುದಿಲ್ಲ.

ಉಳಿದ ಹಳದಿಗಳು ಅಷ್ಟು ಅವಸರದವಲ್ಲ. ಕುದುರೆಲಾಳದೊಳಗೆ ಆಶ್ಚರ್ಯಸೂಚಕವಿರುವುದು ಟೈರಿನ ಗಾಳಿ. ಬದಿಗೆ ನಿಲ್ಲಿಸಿ ನಾಲ್ಕೂ ಚಕ್ರ ಕಣ್ಣಿಂದ ನೋಡಿ, ಯಾವುದೂ ಕೂತಿಲ್ಲವಾದರೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಹೋಗಿ. ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರಿನ ದೀಪ, ಕೊಳವೆಯೊಳಗೆ ಚುಕ್ಕಿಗಳ ಚಿತ್ರ, ಹತ್ತಿದರೆ ಮಾತ್ರ ಮಾಡಬೇಕಾದ್ದು ತೀರ ಉಲ್ಟಾ. ಅಲ್ಲಿ ನಿಲ್ಲಿಸಬಾರದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳಿ ತುಂಬಿದ ಮಸಿ ಸುಟ್ಟುಹೋಗಲು 60 ಕಿಲೋಮೀಟರಿಗೆ ಮೇಲ್ಪಟ್ಟ ವೇಗದಲ್ಲಿ ಇಪ್ಪತ್ತು ನಿಮಿಷದಷ್ಟು ಒಂದೇ ಸಮ ಓಡಿಸಬೇಕು.

ಈಗ ದೋಣಿಗಾಲಿಗೆ ಬರೋಣ. ಕೆಂಪು ಬ್ಯಾಟರಿ ದೀಪ ನನ್ನ ಪಟ್ಟಿಯಲ್ಲಿ ಎರಡನೇ ಸಾಲಿನದು. ಬ್ಯಾಟರಿ ಕೆಟ್ಟಿದೆ ಎಂದು ಅದರ ಅರ್ಥವಲ್ಲ, ಬ್ಯಾಟರಿಗೆ ಚಾರ್ಜ್ ಬರುತ್ತಿಲ್ಲ ಎಂದು. ಡೈನಮೋ ಸರಿಯಿದ್ದರೆ ಓಡುವ ಕಾರಿನಲ್ಲಿ 14 ವೋಲ್ಟಿನ ಆಸುಪಾಸು ಇರುತ್ತದೆ. ಅದು ನಿಂತರೆ ಕಾರು ಬ್ಯಾಟರಿಯ ಉಳಿತಾಯದಲ್ಲಿ ಓಡುತ್ತದೆ. ಹಗಲಿನಲ್ಲಿ, ಎಸಿ ಆರಿಸಿಕೊಂಡರೆ, ಅರ್ಧ ಗಂಟೆಯಿಂದ ಒಂದು ಗಂಟೆ ಸಿಗಬಹುದು. ಇಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದಿರಬಹುದು, ಆದ್ದರಿಂದ ಆಫ್ ಮಾಡದೆ ಹತ್ತಿರದ ಊರು ಸೇರುವುದು ರೂಢಿಯ ಸಲಹೆ. ಬಾಡಿಗೆ ಕಂಪನಿಯವ ಹೇಳಿದ್ದೂ ಅದನ್ನೇ. ಆದರೆ ಆ ಸಲಹೆ ಕೊಡುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಅವನು ಕೇಳಿರಲಿಲ್ಲ.

'ದೀಪ ಹತ್ತುವಾಗ ಇನ್ನೇನಾದರೂ ಆಯ್ತೇನಮ್ಮ?'

'ಏನೋ ಟಪ್ ಅಂತ ಸದ್ದು ಬಂತು ಮಾಮ. ಆಮೇಲೆ ಎಸಿ ಗಾಳಿ ಬಿಸಿಯಾಯ್ತು. ಒಂದು ಕಿಲೋಮೀಟರೂ ಹೋಗಿಲ್ಲ, ನಿಲ್ಲಿಸಿಬಿಟ್ಟೆ.'

ಡೈನಮೋ ತಿರುಗಿಸುವುದು ನಾವು ಇವತ್ತಿಗೂ ಫ್ಯಾನ್ ಬೆಲ್ಟ್ ಅನ್ನುವ ರಬ್ಬರ್ ಬೆಲ್ಟು. ಎಷ್ಟೋ ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಅದೇ ಬೆಲ್ಟು ಕೂಲೆಂಟ್ ತಳ್ಳುವ ವಾಟರ್ ಪಂಪನ್ನೂ, ಕೆಲವದರಲ್ಲಿ ಎಸಿ ಕಂಪ್ರೆಸರನ್ನೂ ತಿರುಗಿಸುತ್ತದೆ. ಡೈನಮೋ ಮಾತ್ರ ಕೆಟ್ಟಿದ್ದರೆ ಎಸಿ ಅದೇ ಗಳಿಗೆಯಲ್ಲಿ ಬಿಸಿಯಾಗುವುದಿಲ್ಲ. ಎರಡೂ ಒಟ್ಟಿಗೆ ಹೋದರೆ ಇಬ್ಬರಿಗೂ ಸೇರಿದ ಬೆಲ್ಟೇ ಹೋಗಿರಬೇಕು. ಬೆಲ್ಟು ಹೋದರೆ ಕೂಲೆಂಟ್ ನಿಂತಲ್ಲೇ ನಿಂತಿರುತ್ತದೆ. ಆಗ ಬ್ಯಾಟರಿ ದೀಪಕ್ಕೆ ಅರ್ಧ ಗಂಟೆಯ ಬಿಡುವಿಲ್ಲ, ಕೆಲವೇ ನಿಮಿಷ.

'ಬಿಸಿ ತೋರಿಸುವ ಗೀಟುಗಳು ಎಷ್ಟಿವೆ ನೋಡು.' ಮೊದಲ ವಿಡಿಯೊದಲ್ಲಿ ನಾಲ್ಕಿದ್ದವು, ಎಂಟರಲ್ಲಿ ನಡುಮಧ್ಯ. ಈಗ ಐದು ಅಂದಳು. ಮಾತಾಡುತ್ತಿದ್ದಂತೆ ಆರಾಯಿತು. ಆಫ್ ಮಾಡು ಅಂದೆ.

ಗಂಡ ಬಾನೆಟ್ ಎತ್ತಿ ಕಳಿಸಿದ ಫೋಟೊದಲ್ಲಿ ಎಲ್ಲ ಸ್ಪಷ್ಟವಿತ್ತು. ಪುಲ್ಲಿಗಳು ಬೋಳಾಗಿದ್ದವು, ಬೆಲ್ಟಿನ ಎಳೆಗಳು ಹರಿದು ಕೆಳಗೆ ನೇತಾಡುತ್ತಿದ್ದವು. ಕಂಪನಿಯವನ ಮಾತು ಕೇಳಿ ಘಾಟಿ ಇಳಿದಿದ್ದರೆ ಅರ್ಧ ದಾರಿಯಲ್ಲೇ, ನಿಲ್ಲಲು ಜಾಗ ಸಿಗದ ಯಾವುದೋ ತಿರುವಿನಲ್ಲಿ, ಇಂಜಿನ್ ಕುದಿದು ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು. ಹಿಂದೆ ಮಂಗಳೂರಿನ ಲಾರಿಗಳ ಸಾಲು, ಒಳಗೆ ಮಗು. ಅದನ್ನು ನೆನೆದರೆ ಆ 'ಹೋಗ್ತಾ ಇರಿ' ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮಗುವನ್ನು ಇಳಿಸಿ ರಸ್ತೆಯಿಂದ ದೂರ, ಕಾರಿಗಿಂತ ಸ್ವಲ್ಪ ಹಿಂದೆ ಎತ್ತರದಲ್ಲಿ ಕೂರಿಸಿಕೊಳ್ಳಲು ಹೇಳಿದೆ. ನಿಂತ ಕಾರಿಗೆ ಹಿಂದಿನಿಂದ ಗುದ್ದಿದರೆ ಅದು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ, ಅದಕ್ಕೆ. ಹಜಾರ್ಡ್ ದೀಪ ಹಾಕಿ, ಡಿಕ್ಕಿಯಲ್ಲಿದ್ದ ಕೆಂಪು ತ್ರಿಕೋನವನ್ನು ಐವತ್ತು ಹೆಜ್ಜೆ ಹಿಂದೆ ಇಟ್ಟರು. ಹಿಂದೆ ತಿರುವಿದ್ದರೆ ತ್ರಿಕೋನ ತಿರುವಿಗಿಂತ ಆಚೆ ಇರಬೇಕು, ಇಲ್ಲದಿದ್ದರೆ ಅದು ಕಾಣುವ ಹೊತ್ತಿಗೆ ಕಾರೂ ಕಾಣುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟರೆ ಹೋಗುವಾಗ ಅದನ್ನು ತೆಗೆದು ಬದಿಗೆ ಹಾಕಿ. ರಸ್ತೆಯಲ್ಲೇ ಬಿಟ್ಟ ಕಲ್ಲು ರಾತ್ರಿ ಬೈಕಿನವನಿಗೆ ಕಾಯುತ್ತಿರುತ್ತದೆ. ರಾಷ್ಟ್ರೀಯ ಹೆದ್ದಾರಿಯಾದ್ದರಿಂದ 1033ಕ್ಕೆ ಫೋನು ಮಾಡಿದರು. ಸಂಜೆ ಸಕಲೇಶಪುರದ ಗ್ಯಾರೇಜಿನಲ್ಲಿ ಹೊಸ ಬೆಲ್ಟು ಬಿತ್ತು. ಹಳೇ ಬೆಲ್ಟು ಉದ್ದಕ್ಕೂ ಸೀಳಿತ್ತಂತೆ, ಒಂದು ದಿನದಲ್ಲಿ ಆಗುವ ಸವೆತವಲ್ಲ ಅದು.

ಅದನ್ನು ಬಾಡಿಗೆಯವರಿಗೆ ತೋರಿಸಿಕೊಡಲು ಅವಳ ಬಳಿ ಸಾಕ್ಷಿ ಇತ್ತು. ಹಿಂದೊಮ್ಮೆ ನಾನು ಹೇಳಿಕೊಟ್ಟಿದ್ದನ್ನು ನೆನಪಿಟ್ಟುಕೊಂಡು, ಬೆಂಗಳೂರಿನಲ್ಲಿ ಕೀ ತೆಗೆದುಕೊಂಡ ಕೂಡಲೇ ಅರ್ಧ ನಿಮಿಷದ ವಿಡಿಯೊ ಮಾಡಿದ್ದಳು. ಮೊದಲು ಕೀ ಮಾತ್ರ ತಿರುಗಿಸಿ ದೀಪಗಳೆಲ್ಲ ಹತ್ತುವುದು, ಆಮೇಲೆ ಸ್ಟಾರ್ಟ್ ಮಾಡಿದಾಗ ಆರುವುದು. ಇದರಲ್ಲಿ ಆರದ ದೀಪದಷ್ಟೇ ಮುಖ್ಯ ಹತ್ತದ ದೀಪ. ಏರ್‌ಬ್ಯಾಗಿನ ಅಥವಾ ಇಂಜಿನ್ನಿನ ದೀಪ ಕೀ ತಿರುಗಿಸಿದಾಗ ಹತ್ತಲೇ ಇಲ್ಲವೆಂದರೆ ದೋಷ ಕಾಣಬಾರದೆಂದು ಯಾರೋ ಅದನ್ನು ಮುಚ್ಚಿರಬಹುದು ಅಥವಾ ತೆಗೆದಿರಬಹುದು. ಆ ಕಾರು ಬೇಡ, ಬೇರೆ ಕೊಡಿ ಅನ್ನಬೇಕು. ಅವಳ ವಿಡಿಯೊದಲ್ಲಿ ದೀಪಗಳೆಲ್ಲ ಸರಿಯಾಗಿ ಹತ್ತಿ ಆರಿದ್ದವು. ಆದರೆ ಸ್ಟಾರ್ಟ್ ಆದ ಕ್ಷಣ ಬಾನೆಟ್ಟಿನೊಳಗಿಂದ ಎರಡು ಸೆಕೆಂಡು ಕಿರ್ರ್ ಎಂದು ಬೆಲ್ಟು ಕಿರುಚಿದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಆ ಸದ್ದು ಕೇಳಿಸಿದ ಮೇಲೆ ಬೆಲ್ಟಿನ ಹಣ, ಟೋಯಿಂಗ್ ಹಣ ಎರಡನ್ನೂ ಅವರು ವಾಪಸು ಕೊಟ್ಟರು.